‘ಅಕ್ಕಾ, ಒಂದು ಸಣ್ಣ ಹೆಲ್ಪ್ ಆಗ್ಬೇಕಿತ್ತು’

ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಡಿಸೆಂಬರ್ ಕೊನೆಯ ವಾರ ಬಂದರೆ ಸಾಕು, ಮರೆತೇಹೋಗಿದ್ದ ಪರಿಚಯಗಳೆಲ್ಲ ಒಂದೊಂದಾಗಿ ಫೋನಿನಲ್ಲಿ ಹಾಜರಾಗುತ್ತವೆ. ಒಬ್ಬರಿಗೆ ಎರಡು ಕ್ಯಾಲೆಂಡರ್ ಬೇಕು, ಇನ್ನೊಬ್ಬರಿಗೆ ಡೈರಿ. ಮದುವೆ ತಿಂಗಳಾದರೆ ಹತ್ತು ರೂಪಾಯಿಯ ಹೊಸ ನೋಟಿನ ಕಟ್ಟು. ಹೀಗೆ ಕೇಳುವವರಲ್ಲಿ ಹೆಚ್ಚಿನವರಿಂದ ಏನೂ ತೊಂದರೆಯಿಲ್ಲ. ಇದ್ದರೆ ತೆಗೆದುಕೊಳ್ಳುತ್ತಾರೆ, ಇಲ್ಲ ಎಂದರೆ ‘ಪರವಾಗಿಲ್ಲ ಬಿಡಿ’ ಎಂದು ಮನೆಯವರನ್ನೆಲ್ಲ ವಿಚಾರಿಸಿ ಫೋನ್ ಇಡುತ್ತಾರೆ. ತೊಂದರೆ ಇನ್ನೊಂದು ಬಗೆಯವರದು. ಅವರ ಹೆಸರು ಪರದೆಯ ಮೇಲೆ ಮೂಡಿದ ಕೂಡಲೇ, ಇವತ್ತು ಏನು ಕೆಲಸವೋ ಎಂದು ನಮ್ಮ ಮನಸ್ಸು ಮೊದಲೇ ಲೆಕ್ಕ ಹಾಕುತ್ತದೆ. ಆ ಲೆಕ್ಕ ತಪ್ಪುವುದೂ ಇಲ್ಲ.

ಅಂಥ ಒಂದು ಜೋಡಿಯನ್ನು ಇಲ್ಲಿ ಹಿಡಿದು ನೋಡೋಣ. ಇದು ಯಾರೋ ಒಬ್ಬರ ಮನೆಯ ಕಥೆಯಲ್ಲ. ಬ್ಯಾಂಕಿನ ಕೆಲಸದವರು ಊಟದ ಹೊತ್ತಿನಲ್ಲಿ ಹೇಳಿಕೊಳ್ಳುವ ಮಾತುಗಳನ್ನು ಇಬ್ಬರ ಮೇಲೆ ಹೊರಿಸಿದ್ದೇನೆ, ಅಷ್ಟೆ. ಆಕೆ ಮೈಸೂರಿನಲ್ಲಿ ರಾಷ್ಟ್ರೀಕೃತ ಬ್ಯಾಂಕೊಂದರ ಶಾಖೆಯಲ್ಲಿ ಅಧಿಕಾರಿ. ಅವನು ಚಿಕ್ಕಂದಿನಲ್ಲಿ ಅದೇ ವಠಾರದಲ್ಲಿದ್ದವನು. ಈಗ ಎರಡು ಕಾರು ಇಟ್ಟುಕೊಂಡು ಟ್ರಾವೆಲ್ಸ್ ನಡೆಸುತ್ತಾನೆ. ಆಕೆಯನ್ನು ಅಕ್ಕಾ ಎನ್ನುತ್ತಾನೆ. ನಾವೂ ಇವರನ್ನು ಅಕ್ಕ, ತಮ್ಮ ಎಂದೇ ಕರೆಯೋಣ.

ತಮ್ಮನ ಫೋನಿಗೆ ಒಂದು ಕ್ರಮವಿದೆ. ಮೊದಲು ‘ಊಟ ಆಯ್ತಾ ಅಕ್ಕಾ’. ಆಮೇಲೆ ‘ಭಾವ ಹೇಗಿದಾರೆ’. ಭಾವ ಹೇಗಿದ್ದಾರೆ ಎಂದು ಅಕ್ಕ ಹೇಳಿ ಮುಗಿಸುವ ಮೊದಲೇ ‘ಅಂದಹಾಗೆ, ಒಂದು ಸಣ್ಣ ಹೆಲ್ಪ್ ಆಗ್ಬೇಕಿತ್ತು’. ಮೊದಲ ವರ್ಷ ಅದು ಕ್ಯಾಲೆಂಡರ್ ಆಗಿತ್ತು. ನಂತರ ಹೊಸ ನೋಟು. ಆಮೇಲೆ ಬ್ಯಾಂಕಿಗೆ ಬರದೇ ಆರು ತಿಂಗಳ ಸ್ಟೇಟ್‌ಮೆಂಟ್. ಮುಂದೆ, ‘ನಮ್ಮ ಮಾವನ ಲೋನ್ ಫೈಲು ಬಂದಿದೆ, ಮ್ಯಾನೇಜರ್‌ಗೆ ಒಂದು ಮಾತು ಹೇಳಿ’. ಇದಾದ ಮೇಲೆ, ‘ನಮ್ಮ ಪಾರ್ಟಿ ಒಬ್ರು ಚೆಕ್ ಕೊಟ್ಟಿದಾರೆ, ಅವರ ಅಕೌಂಟಲ್ಲಿ ದುಡ್ಡಿದೆಯಾ ಅಂತ ಸುಮ್ನೆ ನೋಡಿ ಹೇಳಿ’. ಕೊನೆಗೆ, ಮೂರನೇ ಕಾರು ಕೊಳ್ಳಲು ಸಾಲಕ್ಕೆ ಜಾಮೀನು, ‘ಒಂದು ಸೈನ್ ಅಷ್ಟೇ ಅಕ್ಕಾ’. ಕ್ಯಾಲೆಂಡರಿಗೂ ಜಾಮೀನಿಗೂ ಅವನು ಬಳಸುವ ಮಾತು ಒಂದೇ, ಸಣ್ಣ ಹೆಲ್ಪ್. ಒಂದೊಂದು ಬೇಡಿಕೆಯೂ ಹಿಂದಿನದಕ್ಕಿಂತ ಒಂದೇ ಮೆಟ್ಟಿಲು ಮೇಲಿದ್ದುದರಿಂದ ಎಲ್ಲಿ ನಿಲ್ಲಬೇಕಿತ್ತು ಎಂಬುದು ಅಕ್ಕನಿಗೆ ಹೊಳೆಯಲೇ ಇಲ್ಲ.

ಇಂಥ ನಂಟಿನ ಬಿಸಿ ಇಳಿಸಬೇಕೆಂದು ನಿರ್ಧರಿಸುವ ಮೊದಲು, ಇದು ನಿಜಕ್ಕೂ ಅಂಥದ್ದೇ ಹೌದೇ ಎಂದು ನೋಡಿಕೊಳ್ಳಬೇಕು. ಬೇಸರ ಬಂದಾಗ ನೆನಪು ಒಂದೇ ಕಡೆಯ ಸಾಕ್ಷಿ ಹೇಳುತ್ತದೆ. ಅದನ್ನು ನಂಬದೆ ವಾಟ್ಸಾಪ್ ತೆರೆದು ಆ ವ್ಯಕ್ತಿಯ ಜೊತೆಗಿನ ಒಂದು ವರ್ಷದ ಮಾತುಕತೆಯನ್ನು ಹಿಂದಕ್ಕೆ ಓದಿಕೊಂಡು ಹೋಗುವುದು ಒಳ್ಳೆಯದು. ಹತ್ತು ನಿಮಿಷದ ಕೆಲಸ. ಎಷ್ಟು ಸಲ ಕೇಳಿದ ಎಂಬ ಎಣಿಕೆಗಿಂತ, ಕೆಲಸವಾದ ಮೇಲೆ ಅವನು ಏನು ಮಾಡಿದ ಎಂಬುದರ ಮೇಲೆ ಕಣ್ಣಿಡಿ. ಮಾವನ ಲೋನ್ ಆಯಿತೋ ಇಲ್ಲವೋ ಎಂದು ತಿಳಿಸಿದನೇ? ‘ಥ್ಯಾಂಕ್ಸ್ ಅಕ್ಕಾ’ ಎಂಬುದಕ್ಕೂ ಮುಂದಿನ ‘ಊಟ ಆಯ್ತಾ’ಕ್ಕೂ ನಡುವೆ ಏನಾದರೂ ಇದೆಯೇ? ಅಕ್ಕನ ಮಗನಿಗೆ ಡೆಂಗಿಯಾಗಿ ಆಸ್ಪತ್ರೆಯಲ್ಲಿದ್ದ ವಾರ ಅವನು ಎಲ್ಲಿದ್ದ? ಬರೀ ಕೇಳುವವನ ಗುರುತು ಇದೇ. ಅವನಿಗೆ ಕೆಲಸದ ಫಲ ಬೇಕು, ಆದರೆ ಫಲದ ಸುದ್ದಿಯನ್ನು ನಮ್ಮೊಡನೆ ಹಂಚಿಕೊಳ್ಳುವ ಅಗತ್ಯ ಕಾಣುವುದಿಲ್ಲ.

ಈ ಪರೀಕ್ಷೆಯಲ್ಲಿ ಕೆಲವರು ಖುಲಾಸೆಯಾಗುತ್ತಾರೆ, ಆಗಬೇಕು ಕೂಡ. ಕೆಲಸ ಕಳೆದುಕೊಂಡವರು, ಮನೆಯಲ್ಲಿ ಕಾಯಿಲೆ ಇರುವವರು ಒಂದು ಕಾಲ ಬರೀ ಕೇಳುತ್ತಲೇ ಇರುತ್ತಾರೆ, ಅದು ಕಷ್ಟಕಾಲದ ಲಕ್ಷಣ. ಎಟಿಎಂ ಯಂತ್ರಕ್ಕೆ ಹೆದರುವ ವಯಸ್ಸಾದ ಸೋದರತ್ತೆ ವಾರಕ್ಕೆರಡು ಸಲ ಫೋನ್ ಮಾಡಿದರೂ ಬೇರೆಯ ಲೆಕ್ಕ. ಇನ್ನು ಕೆಲವರು ಕೊಡುವುದು ನಮಗೆ ಕಾಣದ ರೂಪದಲ್ಲಿರುತ್ತದೆ. ಊರಿನಲ್ಲಿರುವ ನಮ್ಮ ತಾಯಿಯ ಮನೆಗೆ ಹಾಲು ಹಾಕಿ, ಕರೆಂಟ್ ಬಿಲ್ ಕಟ್ಟಿ ಬರುವ ಹುಡುಗ ನಮಗೆ ಒಂದು ದಿನವೂ ಅದನ್ನು ಹೇಳಿಕೊಂಡಿರುವುದಿಲ್ಲ.

ಈ ಲೆಕ್ಕ ನಮಗೆ ಹೊಸದೂ ಅಲ್ಲ, ಹೊರಗಿನದೂ ಅಲ್ಲ. ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳಲು ಒಬ್ಬರು ಪುಸ್ತಕ ಹಿಡಿದು ಕೂತಿರುತ್ತಾರೆ. ಯಾರು ಎಷ್ಟು ಕೊಟ್ಟರು ಎಂದು ಬರೆದಿಟ್ಟು, ಅವರ ಮನೆಯ ಶುಭಕಾರ್ಯಕ್ಕೆ ಅಷ್ಟೋ, ಒಂದಿಷ್ಟು ಮೇಲೆಯೋ ಸೇರಿಸಿ ಹಿಂದಿರುಗಿಸುತ್ತಾರೆ. ಹೊಲದ ಕೆಲಸದಲ್ಲಿ ಮುಯ್ಯಾಳು ಪದ್ಧತಿ. ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯ ಇಬ್ಬರು, ನಾಳೆ ನಮ್ಮ ಗದ್ದೆಗೆ ನಿಮ್ಮವರು. ಕೂಲಿಯ ಮಾತಿಲ್ಲ, ಆದರೆ ಆಳಿನ ಲೆಕ್ಕ ಇಬ್ಬರಿಗೂ ಗೊತ್ತು. ಮುಯ್ಯಾಳಿಗೆ ಕರೆಸಿಕೊಂಡು ತಾನು ಹೋಗದವನನ್ನು ಊರವರು ಬೈಯುವುದೂ ಇಲ್ಲ, ಪಂಚಾಯಿತಿಗೆ ಎಳೆಯುವುದೂ ಇಲ್ಲ. ಮುಂದಿನ ನಾಟಿಗೆ ಅವನ ಗದ್ದೆಗೆ ಜನ ಸೇರುವುದಿಲ್ಲ, ಅಷ್ಟೇ. ಅವನ ಮನೆಯ ಮದುವೆಗೆ ಮಾತ್ರ ಎಲ್ಲರೂ ಹೋಗಿ ಉಂಡು ಬರುತ್ತಾರೆ. ನನ್ನ ಮಟ್ಟಿಗೆ, ನಯವಾಗಿ ದೂರವಾಗುವುದರ ಇಡೀ ಉಪಾಯ ಇದರಲ್ಲಿದೆ. ಕೆಲಸದ ಕೊಡುಕೊಳ್ಳುವಿಕೆ ಬೇರೆ, ಬಂದುಹೋಗುವ ನಂಟು ಬೇರೆ. ಮೊದಲನೆಯದನ್ನು ನಿಲ್ಲಿಸಲು ಎರಡನೆಯದನ್ನು ಮುರಿಯಬೇಕಾಗಿಲ್ಲ.

ಅಕ್ಕ ಮಾಡುತ್ತಿದ್ದುದು ಇದಕ್ಕೆ ತಿರುಗಾಮುರುಗ. ತಮ್ಮನ ಮನೆಯ ನಾಮಕರಣಕ್ಕೆ ತಪ್ಪಿಸಿಕೊಳ್ಳುತ್ತಿದ್ದಳು, ಆದರೆ ಫೋನಿನಲ್ಲಿ ಕೇಳಿದ ಕೆಲಸವನ್ನು ಗೊಣಗಿಕೊಂಡಾದರೂ ಮಾಡಿಕೊಡುತ್ತಿದ್ದಳು. ನಡುನಡುವೆ ರೋಸಿಹೋಗಿ ನಾಲ್ಕೈದು ಸಲ ಫೋನ್ ಎತ್ತದೆ ಬಿಟ್ಟು, ಆರನೇ ಸಲ ಪಾಪ ಅನ್ನಿಸಿ ಎತ್ತುತ್ತಿದ್ದಳು. ಹೆಚ್ಚಿನವರು ಎಡವುವುದು ಈ ಆರನೇ ಸಲದಲ್ಲಿ. ಅಮೆರಿಕದ ಮನೋವಿಜ್ಞಾನಿಗಳಾದ ಫರ್ಸ್ಟರ್ ಮತ್ತು ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ದೀರ್ಘ ಪ್ರಯೋಗಗಳನ್ನು 1957ರಲ್ಲಿ ಪುಸ್ತಕವಾಗಿ ತಂದರು. ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತ ಮೇಲೆ ಬೇಗ ಕೈಬಿಡುತ್ತದೆ. ಯಾವಾಗಲೋ ಒಮ್ಮೆ, ಎಷ್ಟನೇ ಸಲಕ್ಕೆ ಎಂದು ಗೊತ್ತಾಗದಂತೆ ಕಾಳು ಪಡೆದ ಹಕ್ಕಿ ಮಾತ್ರ, ಕಾಳು ಪೂರ್ತಿ ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ತಮ್ಮ ಹಕ್ಕಿಯಲ್ಲ, ನಿಜ. ಆದರೂ ಐದು ಸಲ ಎತ್ತದೆ ಆರನೇ ಸಲ ಎತ್ತಿದ ಅಕ್ಕ ಅವನಿಗೆ ಕಲಿಸಿದ್ದು ಒಂದೇ ಪಾಠ, ಆರು ಸಲ ಮಾಡಿದರೆ ಕೆಲಸ ಆಗುತ್ತದೆ ಎಂದು. ಒಮ್ಮೆ ಹೌದು, ಒಮ್ಮೆ ಇಲ್ಲ ಎನ್ನುವವರಿಗೆ ಎಂದೂ ಇಲ್ಲ ಎನ್ನದವರಿಗಿಂತ ಹೆಚ್ಚು ಕಾಟ.

ತಮ್ಮನ ಕಡೆಯಿಂದಲೂ ಒಂದು ಮಾತು ಹೇಳಬೇಕು. ಅಕ್ಕನಿಗೆ ಇಷ್ಟು ಕಷ್ಟವಾಗುತ್ತಿದೆ ಎಂಬುದು ಅವನಿಗೆ ಗೊತ್ತಿಲ್ಲದಿರುವ ಸಂಭವವೇ ಹೆಚ್ಚು. ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಲೇಕ್ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರನ್ನು ಅಪರಿಚಿತರ ಬಳಿಗೆ ಕಳಿಸಿ ಒಂದು ಪ್ರಶ್ನಾವಳಿ ತುಂಬಿಸಿಕೊಂಡು ಬರಲು ಹೇಳಿದ್ದರು. ಐದು ಜನ ಒಪ್ಪಬೇಕಾದರೆ ಸುಮಾರು 20 ಜನರನ್ನು ಕೇಳಬೇಕಾದೀತು ಎಂದು ಹೊರಟವರು ಊಹಿಸಿದ್ದರು. ನಿಜದಲ್ಲಿ ಸುಮಾರು 10 ಜನರನ್ನು ಕೇಳುವಷ್ಟರಲ್ಲಿ ಕೆಲಸ ಮುಗಿದಿತ್ತು. ಎದುರಿಗೆ ನಿಂತು ಕೇಳಿದವರಿಗೆ ಇಲ್ಲ ಎನ್ನುವುದು ಎಷ್ಟು ಮುಜುಗರದ ಸಂಗತಿ ಎಂಬುದು ಕೇಳುವವರ ಅಂದಾಜಿಗೇ ಬರುವುದಿಲ್ಲ ಎಂಬುದು ಅವರ ತೀರ್ಮಾನ. ಹಾಗೆ ನೋಡಿದರೆ, ‘ಆಗದಿದ್ದರೆ ಅಕ್ಕ ಇಲ್ಲ ಅಂತಿದ್ರು’ ಎಂದು ತಮ್ಮ ಪ್ರಾಮಾಣಿಕವಾಗಿಯೇ ನಂಬಿರಬಹುದು. ಅವನ ಪಾಲಿಗೆ ಅದು ಒಂದು ಫೋನ್ ಕರೆ. ಆಗಲ್ಲ ಎಂದರೆ ಇನ್ನೊಬ್ಬರಿಗೆ ಮಾಡುತ್ತಾನೆ. ಇದು ತಿಳಿದಿದ್ದರೆ ನಮ್ಮ ‘ಇಲ್ಲ’ದಲ್ಲಿ ಸಿಟ್ಟು ಕಡಿಮೆಯಾಗುತ್ತದೆ. ಸಿಟ್ಟಿಲ್ಲದ ‘ಇಲ್ಲ’ವನ್ನು ಕೇಳಿಸಿಕೊಳ್ಳುವವರೂ ಸುಲಭವಾಗಿ ಜೀರ್ಣಿಸಿಕೊಳ್ಳುತ್ತಾರೆ.

ಇನ್ನು ಮಾಡುವ ಬಗೆ. ಸಣ್ಣ ಬೇಡಿಕೆಗಳಲ್ಲಿ ಮೊದಲು ಬದಲಾಗಬೇಕಾದದ್ದು ಉತ್ತರ ಕೊಡುವ ವೇಗ. ಮಧ್ಯಾಹ್ನ ಬಂದ ಕರೆಗೆ ಸಂಜೆ ಉತ್ತರ, ಅದೂ ಬರಹದಲ್ಲಿ. ಕರೆಯಲ್ಲಿ ನಮ್ಮ ಬಾಯಿ ತಾನಾಗಿ ‘ನೋಡ್ತೀನಿ’ ಎಂದುಬಿಡುತ್ತದೆ. ಕನ್ನಡಿಗರ ‘ನೋಡ್ತೀನಿ’ಯನ್ನು ನಾವು ಇಲ್ಲ ಎಂಬ ಅರ್ಥದಲ್ಲಿ ಹೇಳಿದರೂ ಕೇಳುವವರು ಆಯಿತು ಎಂದೇ ತೆಗೆದುಕೊಳ್ಳುತ್ತಾರೆ, ಮರುದಿನ ‘ನೋಡಿದ್ರಾ ಅಕ್ಕಾ’ ಎಂದು ಮತ್ತೆ ಫೋನ್ ಬರುತ್ತದೆ. ಬರೆಯುವಾಗ ಒಂದು ನಿಮಿಷ ಯೋಚಿಸಲು ಸಮಯವಿರುತ್ತದೆ. ಹಾಗೆಂದು ಮೂರು ದಿನ ಸುಮ್ಮನಿರುವುದು ಬೇಡ. ಮೌನಕ್ಕೆ ಅವರವರ ಅರ್ಥ ಹಚ್ಚಿಕೊಳ್ಳುತ್ತಾರೆ, ಹೆಚ್ಚಾಗಿ ‘ಅಕ್ಕ ಬ್ಯುಸಿ, ಇನ್ನೊಂದು ಸಲ ನೆನಪಿಸೋಣ’ ಎಂಬ ಅರ್ಥ.

ಎರಡನೆಯದಾಗಿ, ಕೆಲಸವನ್ನು ತನ್ನ ಕೈಯಿಂದ ಬಿಡಿಸಿ ಎಲ್ಲರಿಗೂ ಇರುವ ದಾರಿಗೆ ಹಾಕಬೇಕು. ತಮ್ಮ ಈ ವರ್ಷವೂ ಬರೆಯುತ್ತಾನೆ: ‘ಅಕ್ಕಾ, ಕ್ಯಾಲೆಂಡರ್ 10, ಡೈರಿ 4 ಬೇಕು, ನಮ್ಮ ಪಾರ್ಟಿಗಳಿಗೆ ಕೊಡೋಕೆ.’ ಹಳೆಯ ಅಕ್ಕ ಸಹೋದ್ಯೋಗಿಗಳ ಪಾಲನ್ನೂ ಬೇಡಿ ಕಟ್ಟು ಮಾಡಿ ಇಡುತ್ತಿದ್ದಳು. ಈಗ ಸಂಜೆ ಆರರ ಮೇಲೆ ಹೀಗೆ ಬರೆಯುತ್ತಾಳೆ: ‘ಕ್ಯಾಲೆಂಡರ್ ಕೌಂಟರ್ ಹತ್ರ ಇಟ್ಟಿದಾರೆ ಕಣೋ, ಖಾತೆ ಇರೋರಿಗೆ ಒಂದೊಂದು. ಬೆಳಗ್ಗೆ ಬಂದರೆ ಸಿಗುತ್ತೆ.’ ಇದರಲ್ಲಿ ಇಲ್ಲ ಎಂಬ ಪದವಿಲ್ಲ, ಸುಳ್ಳೂ ಇಲ್ಲ. ಅವನಿಗೆ ಮಾಹಿತಿ ಸಿಕ್ಕಿತು, ಓಡಾಟ ಮಾತ್ರ ಅವನದಾಯಿತು. ಸ್ಟೇಟ್‌ಮೆಂಟ್ ಕೇಳಿದಾಗಲೂ ಹೀಗೆಯೇ, ‘ಬ್ಯಾಂಕಿನ ಆ್ಯಪಲ್ಲೇ ಪಿಡಿಎಫ್ ಬರುತ್ತೆ, ಆಗದಿದ್ದರೆ ಶಾಖೆಗೆ ಬಂದು ಅರ್ಜಿ ಕೊಡು.’ ಕೇಳಿದಾಗಲೆಲ್ಲ ಸಿಗುವುದು ದಾರಿಯ ವಿವರ ಮಾತ್ರ ಎಂದಾದರೆ, ವಿಶೇಷ ಉಪಯೋಗವಿಲ್ಲವೆಂದು ಮನುಷ್ಯ ತಾನಾಗಿ ಬೇರೆ ದಾರಿ ಹುಡುಕಿಕೊಳ್ಳುತ್ತಾನೆ. ಬೈದು ಕಳಿಸಿದವನಿಗಿಂತ ಬೇಗ.

ಮೂರನೆಯ ಸಂಗತಿ ನೆಪದ್ದು. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮಲ್ಲಿ ನೆಪ ಹೇಳುವುದನ್ನೇ ಮರ್ಯಾದೆ ಎಂದುಕೊಂಡಿದ್ದೇವೆ. ‘ಈ ವಾರ ಆಡಿಟ್ ಇದೆ’ ಎಂದರೆ ಅವನು ಮುಂದಿನ ವಾರ ಕೇಳುತ್ತಾನೆ. ‘ಮ್ಯಾನೇಜರ್ ರಜಾ’ ಎಂದರೆ ಯಾವತ್ತು ಬರುತ್ತಾರೆ ಎಂದು ಕೇಳುತ್ತಾನೆ. ನೆಪ ಎಂಬುದು ಬಿಡಿಸಬಹುದಾದ ಗಂಟು. ಕೇಳುವವನು ಅದನ್ನು ಬಿಡಿಸಲು ನಮಗೇ ಸಹಾಯ ಮಾಡುತ್ತಾನೆ! ಸುಳ್ಳು ನೆಪವಾದರಂತೂ ಇನ್ನೊಂದು ಫಜೀತಿ. ‘ಹುಷಾರಿಲ್ಲ’ ಎಂದು ಹೇಳಿದ ಭಾನುವಾರವೇ ಮಗಳು ಚಾಮುಂಡಿ ಬೆಟ್ಟದ ಫೋಟೊ ಸ್ಟೇಟಸ್ಸಿಗೆ ಹಾಕಿರುತ್ತಾಳೆ. ಆಗ ತಪ್ಪು ನಮ್ಮದಾಗುತ್ತದೆ, ಆ ತಪ್ಪಿನ ಸಂಕೋಚಕ್ಕೆ ಅವನ ಇನ್ನೊಂದು ಕೆಲಸ ಮಾಡಿಕೊಡಬೇಕಾಗುತ್ತದೆ.

ನೆಪದ ಜಾಗದಲ್ಲಿ ನಿಯಮ ಇರಬೇಕು. ವನೆಸ್ಸಾ ಪ್ಯಾಟ್ರಿಕ್ ಮತ್ತು ಹೆನ್ರಿಕ್ ಹಾಗ್ಟ್‌ವೆಟ್ ಎಂಬವರು 2012ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ‘ನನಗೆ ಆಗುವುದಿಲ್ಲ’ ಎಂದುಕೊಂಡವರಿಗಿಂತ ‘ನಾನು ಮಾಡುವುದಿಲ್ಲ’ ಎಂದುಕೊಂಡವರು ತಮ್ಮ ನಿರ್ಧಾರಕ್ಕೆ ಹೆಚ್ಚು ಗಟ್ಟಿಯಾಗಿ ಅಂಟಿಕೊಂಡರು. ಅವರು ನೋಡಿದ್ದು ತಿಂಡಿಯ ಆಸೆ, ವ್ಯಾಯಾಮ ಇಂಥ ಸ್ವಂತ ವಿಷಯಗಳನ್ನು. ಅದನ್ನೇ ಇಲ್ಲಿಗೆ ತಂದು ‘ನಾನು ಮಾಡಲ್ಲ’ ಎಂದು ಮುಖಕ್ಕೆ ಹೊಡೆದಂತೆ ಹೇಳಿದರೆ ನಮ್ಮ ಕಡೆ ಜಗಳಕ್ಕೆ ಕರೆದಂತೆ. ಆದರೆ ಅದಕ್ಕೆ ಸರಿಸಮನಾದ, ಯಾರನ್ನೂ ನೋಯಿಸದ ಒಂದು ರೂಢಿ ನಮ್ಮ ಹಿರಿಯರ ಬಾಯಲ್ಲಿ ಮೊದಲಿನಿಂದ ಇದೆ: ‘ನಮ್ಮನೇಲಿ ಆ ಪದ್ಧತಿ ಇಟ್ಕೊಂಡಿಲ್ಲ.’ ಇದರಲ್ಲಿ ಕೇಳಿದವನ ಯೋಗ್ಯತೆಯ ಪ್ರಶ್ನೆ ಇಲ್ಲ. ನಿನಗೆ ಇಲ್ಲ ಎಂದಲ್ಲ, ಯಾರಿಗೂ ಇಲ್ಲ. ಯಾಕೆ ಎಂದು ಕೆದಕುವುದೂ ಕಷ್ಟ, ಮನೆಯ ಪದ್ಧತಿಗೆ ಕಾರಣ ಕೇಳುವುದು ಅಷ್ಟು ಚೆನ್ನಾಗಿರುವುದಿಲ್ಲವಲ್ಲ. ಒಂದೇ ಷರತ್ತು, ಹೇಳಿದ ಪದ್ಧತಿಯನ್ನು ನಿಜವಾಗಿ ಇಟ್ಟುಕೊಂಡಿರಬೇಕು. ತಮ್ಮನಿಗೆ ಪದ್ಧತಿ ಹೇಳಿ ನಾದಿನಿಯ ಗಂಡನಿಗೆ ಸಹಿ ಹಾಕಿದ ಸುದ್ದಿ ಮೈಸೂರಿನಂಥ ಊರಿನಲ್ಲಿ ಹದಿನೈದು ದಿನವೂ ಗುಟ್ಟಾಗಿ ಉಳಿಯುವುದಿಲ್ಲ.

ಮೇಲೆ ಹೇಳಿದ ನಿಧಾನ, ಸಂಜೆಯ ಉತ್ತರ, ಇವೆಲ್ಲ ಸಣ್ಣ ಬೇಡಿಕೆಗಳಿಗೆ. ದೊಡ್ಡ ಬೇಡಿಕೆ ಬಂದಾಗ ಕ್ರಮ ತಲೆಕೆಳಗಾಗಬೇಕು, ಉತ್ತರ ಅದೇ ದಿನ, ಸ್ಪಷ್ಟವಾಗಿ, ಬಾಯಿಮಾತಿನಲ್ಲಿ. ಜಾಮೀನನ್ನೇ ತೆಗೆದುಕೊಳ್ಳಿ. ‘ಒಂದು ಸೈನ್ ಅಷ್ಟೇ’ ಎಂದು ತಮ್ಮ ಹೇಳಿದ್ದು ಅಕ್ಷರಶಃ ನಿಜ, ಆದರೆ ಆ ಸಹಿಯ ತೂಕ ಬ್ಯಾಂಕಿನವಳಾದ ಅಕ್ಕನಿಗೆ ಅವನಿಗಿಂತ ಚೆನ್ನಾಗಿ ಗೊತ್ತು. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಮೊದಲು ಸಾಲಗಾರನನ್ನು ಹಿಡಿಯಲಿ, ಅವನಿಂದ ವಸೂಲಾಗದಿದ್ದರೆ ಆಮೇಲೆ ನನ್ನ ಹತ್ತಿರ ಬರಲಿ ಎಂದು ಜಾಮೀನುದಾರ ಪಟ್ಟು ಹಿಡಿಯುವಂತಿಲ್ಲ. ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ 1968ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ. ಸಾಲ ಕೊಟ್ಟಾದ ಮೇಲೆ ಮನಸ್ಸು ಬದಲಾಯಿತು ಎಂದು ಆ ಸಾಲದ ಜಾಮೀನಿನಿಂದ ಹಿಂದೆ ಸರಿಯುವುದೂ ಆಗುವುದಿಲ್ಲ. ಜಾಮೀನು ನಿಂತ ಸಾಲ ನಮ್ಮ ಸಿಬಿಲ್ ವರದಿಯಲ್ಲೂ ಕಾಣಿಸಿಕೊಳ್ಳುತ್ತದೆ. ತಮ್ಮ ಮೂರು ಕಂತು ತಪ್ಪಿಸಿದರೆ, ನಾಲ್ಕು ವರ್ಷದ ನಂತರ ಮಗನ ಓದಿಗೆ ಸಾಲ ಕೇಳಲು ಹೋದ ಅಕ್ಕನ ಮುಂದೆ ಅದು ತೆರೆದುಕೊಳ್ಳಬಹುದು.

ಇಂಥ ಕಡೆ ‘ಯೋಚನೆ ಮಾಡಿ ಹೇಳ್ತೀನಿ’ ಎನ್ನುವುದು ನಯದಂತೆ ಕಂಡರೂ ಕ್ರೌರ್ಯವೇ. ಅವನು ಕಾರಿಗೆ ಮುಂಗಡ ಕೊಟ್ಟು, ಬೇರೆ ಜಾಮೀನುದಾರರನ್ನು ಹುಡುಕದೆ ಕಾಯುತ್ತಾನೆ. ಎರಡು ವಾರ ಬಿಟ್ಟು ಇಲ್ಲ ಎಂದರೆ ಅವನ ಸಿಟ್ಟಿಗೆ ನ್ಯಾಯವಿರುತ್ತದೆ. ಮಾತುಕತೆ ಹೀಗೆ ನಡೆಯಬಹುದು:

‘ಜಾಮೀನು ಹಾಕೋ ಪದ್ಧತಿ ನಮ್ಮನೇಲಿ ಇಟ್ಕೊಂಡಿಲ್ಲ ಕಣೋ. ನಾನೂ ಹಾಕಲ್ಲ, ನಿಮ್ಮ ಭಾವನೂ ಹಾಕಲ್ಲ. ನೀನು ಕಾಯ್ಕೊಂಡು ಕೂರಬಾರದು ಅಂತ ಇವತ್ತೇ ಹೇಳ್ತಿದೀನಿ.’

‘ನನ್ನ ಮೇಲೆ ನಂಬಿಕೆ ಇಲ್ವಾ ಅಕ್ಕಾ?’

‘ನಂಬಿಕೆ ಮಾತಲ್ಲಪ್ಪ ಇದು. ಸ್ವಂತ ಮೈದುನ ಕೇಳಿದಾಗ್ಲೂ ಇದನ್ನೇ ಹೇಳಿದ್ದು.’

‘ಹಂಗಾದ್ರೆ ನಾನೇನ್ ಮಾಡ್ಲಿ ಈಗ?’

‘ನಿಮ್ಮ ಬ್ಯಾಂಕಲ್ಲಿ ಕೇಳು, ಮುಂಗಡ ಜಾಸ್ತಿ ಕಟ್ಟಿದ್ರೆ ಜಾಮೀನು ಇಲ್ದೆ ಆಗುತ್ತಾ ಅಂತ. ಹೆಂಡತಿನೇ ಸಹ-ಸಾಲಗಾರಳಾಗಬಹುದಾ ಅಂತಾನೂ ಕೇಳು.’

ಗಮನಿಸಬೇಕಾದದ್ದು, ಅಕ್ಕ ಎರಡನೇ ಪ್ರಶ್ನೆಗೆ ಹೊಸ ಕಾರಣ ಸೇರಿಸಲಿಲ್ಲ. ಮೊದಲು ಹೇಳಿದ್ದನ್ನೇ ಇನ್ನೊಂದು ಬಗೆಯಲ್ಲಿ ಹೇಳಿದಳು. ಕಾರಣಗಳನ್ನು ಪೇರಿಸಿದಷ್ಟೂ ಅವುಗಳಲ್ಲಿ ದುರ್ಬಲವಾದದ್ದನ್ನು ಹಿಡಿದು ಚರ್ಚೆ ಶುರುವಾಗುತ್ತದೆ.

ಇನ್ನೊಬ್ಬರ ಖಾತೆಯಲ್ಲಿ ದುಡ್ಡಿದೆಯೇ ನೋಡಿ ಹೇಳಿ ಎಂಬ ಬೇಡಿಕೆ ಇದಕ್ಕಿಂತ ಬೇರೆ. ಅಲ್ಲಿ ಪದ್ಧತಿಯ ಮಾತೂ ಬೇಕಿಲ್ಲ. 1970ರ ಬ್ಯಾಂಕ್ ರಾಷ್ಟ್ರೀಕರಣ ಕಾಯ್ದೆಯ 13ನೇ ಕಲಮು ಗ್ರಾಹಕರ ವ್ಯವಹಾರಗಳ ಗುಟ್ಟು ಕಾಯುವ ಹೊಣೆಯನ್ನು ಬ್ಯಾಂಕಿನ ಮೇಲೆ ಹೊರಿಸಿದೆ. ಯಾವ ಸಿಬ್ಬಂದಿ ಯಾವ ಖಾತೆ ತೆರೆದು ನೋಡಿದರು ಎಂಬುದು ಕಂಪ್ಯೂಟರಿನಲ್ಲಿ ದಾಖಲಾಗಿಯೂ ಇರುತ್ತದೆ. ‘ಅದು ನನ್ನ ಕೆಲಸಕ್ಕೇ ಬರುತ್ತೆ ಕಣೋ, ಇನ್ನೊಮ್ಮೆ ಕೇಳಬೇಡ’ ಎಂದು ಸ್ವಲ್ಪ ಬಿಗಿಯಾಗಿಯೇ ಹೇಳಬಹುದು. ನಿಜವಾದ ಅಪಾಯವಿರುವಲ್ಲಿ ನಯಕ್ಕಿಂತ ಬಿಗಿ ಹೆಚ್ಚು ದಯೆಯದು.

ಹೀಗೆ ದಾರಿ ಬದಲಿಸಿದ ಮೊದಲ ಒಂದೆರಡು ತಿಂಗಳು ಕಾಟ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ. ಕಾಳು ನಿಂತ ಹೊಸದರಲ್ಲಿ ಹಕ್ಕಿಯೂ ಮೊದಲಿಗಿಂತ ಜೋರಾಗಿ ಕುಕ್ಕುತ್ತದೆಯಂತೆ. ತಮ್ಮ ದಿನಕ್ಕೆ ಮೂರು ಸಲ ಕರೆ ಮಾಡುತ್ತಾನೆ, ಬೆಳಗ್ಗೆ ಸುಪ್ರಭಾತದ ಚಿತ್ರ ಕಳಿಸುತ್ತಾನೆ. ಅದೂ ನಡೆಯದಿದ್ದಾಗ ಅಕ್ಕನ ತಾಯಿಯ ಮನೆಗೆ ಹೋಗಿ ಕಾಫಿ ಕುಡಿಯುತ್ತಾ, ‘ಅಕ್ಕ ಈಗ ದೊಡ್ಡ ಆಫೀಸರ್ರು, ನಮ್ಮಂಥೋರು ಕಾಣ್ತೀವಾ’ ಎನ್ನುತ್ತಾನೆ. ತಾಯಿ ಆ ರಾತ್ರಿಯೇ ಫೋನ್ ಮಾಡುತ್ತಾರೆ: ‘ಪಾಪ, ನಮ್ಮ ಕೈಯಲ್ಲಿ ಬೆಳೆದ ಹುಡುಗ. ಏನೋ ಕೇಳಿದ್ನಂತೆ, ಮಾಡ್ಕೊಡಬಾರ್ದೇನೇ?’ ಬಹಳ ಜನ ಸೋಲುವುದು ಇಲ್ಲಿ, ಹುಡುಗನಿಗಲ್ಲ, ತಾಯಿಗೆ. ಆದ್ದರಿಂದ ಈ ಕರೆ ಬರುವ ಮೊದಲೇ ತಾಯಿಗೆ ವಿಷಯ ಗೊತ್ತಿರಬೇಕು. ದೂರಿನ ರೂಪದಲ್ಲಿ ಬೇಡ. ‘ಅವನು ಸಾಲಕ್ಕೆ ಜಾಮೀನು ಕೇಳ್ತಿದಾನಮ್ಮ. ನಿನ್ನ ಹತ್ರ ಬಂದರೆ, ಅದು ಅವಳ ವಿಷಯ ಕಣಪ್ಪ, ಅವಳನ್ನೇ ಕೇಳು ಅಂದುಬಿಡು’ ಎಂದಷ್ಟು. ಸಾಲ, ಜಾಮೀನು ಎಂಬ ಪದಗಳು ಕಿವಿಗೆ ಬಿದ್ದರೆ ನಮ್ಮ ತಾಯಂದಿರು ಎಲ್ಲ ಪಾಪವನ್ನೂ ಮರೆತು ನಮ್ಮ ಕಡೆಗೆ ಬಂದುಬಿಡುತ್ತಾರೆ.

ಫೋನಿನಲ್ಲಿ ನಂಬರ್ ಬ್ಲಾಕ್ ಮಾಡುವುದು, ನೀಲಿ ಗೆರೆ ಕಾಣದಂತೆ ಮಾಡಿಕೊಳ್ಳುವುದು ಇವೆಲ್ಲ ಇಲ್ಲಿ ಉಪಯೋಗಕ್ಕಿಲ್ಲ. ಬ್ಲಾಕ್ ಆಗಿದೆಯೆಂದು ಗೊತ್ತಾದ ದಿನ ತಣ್ಣಗಾಗುತ್ತಿದ್ದ ನಂಟು ಜಗಳವಾಗುತ್ತದೆ. ಬೆದರಿಸುವವರಿಗೆ, ಅಸಭ್ಯವಾಗಿ ವರ್ತಿಸುವವರಿಗೆ ಅದನ್ನು ಇಟ್ಟುಕೊಳ್ಳಿ.

ಕೆಲಸದ ಬಾಗಿಲು ಮುಚ್ಚುತ್ತಿರುವ ಈ ತಿಂಗಳುಗಳಲ್ಲೇ ಮನೆಯ ಬಾಗಿಲನ್ನು ಸ್ವಲ್ಪ ಹೆಚ್ಚೇ ತೆರೆದಿಡಬೇಕು, ಇದನ್ನು ಜನ ಮರೆಯುತ್ತಾರೆ. ತಮ್ಮನ ತಂಗಿಯ ಮದುವೆಗೆ ಅಕ್ಕ ಹೋಗಬೇಕು, ಮುಯ್ಯಿ ಬರೆಸಬೇಕು, ಪಂಕ್ತಿಯಲ್ಲಿ ಕೂತು ಊಟ ಮಾಡಬೇಕು. ಅವನ ತಂದೆಗೆ ಹುಷಾರಿಲ್ಲವೆಂದು ತಿಳಿದರೆ ಹೋಗಿ ನೋಡಿ ಬರಬೇಕು. ಹೋದಲ್ಲಿ ‘ಅಕ್ಕಾ, ಆ ವಿಷಯ...’ ಎಂದು ಅವನು ಶುರುಮಾಡಿದರೆ, ‘ಇವತ್ತು ಬೇಡಪ್ಪ, ಮದುವೆ ನೋಡೋಣ’ ಎಂದರೆ ಸಾಕು. ಇದರಿಂದ ಎರಡು ಪ್ರಯೋಜನ. ಅಕ್ಕ ಸೊಕ್ಕಿನವಳು ಎಂದು ಅವನು ಹೇಳಿಕೊಂಡು ತಿರುಗಿದರೂ ನಂಬುವವರು ಇರುವುದಿಲ್ಲ, ಮದುವೆಯಲ್ಲಿ ಆಕೆಯನ್ನು ಎಲ್ಲರೂ ನೋಡಿರುತ್ತಾರೆ. ಇನ್ನೊಂದು, ಕೆಲಸವಿಲ್ಲದೆಯೂ ಅಕ್ಕನ ಜೊತೆ ಮಾತಾಡಬಹುದು ಎಂಬುದು ಅವನಿಗೂ ಗೊತ್ತಾಗುತ್ತದೆ. ಕೆಲವರು ನಿಜಕ್ಕೂ ಅದನ್ನು ಮರೆತಿರುತ್ತಾರೆ. ಮಾತಾಡಲು ಒಂದು ಕಾರಣ ಬೇಕು ಎಂದುಕೊಂಡೇ ಕೆಲಸ ಹುಡುಕಿಕೊಂಡು ಬರುವವರನ್ನೂ ನಾನು ನೋಡಿದ್ದೇನೆ.

ಇದೇ ಕಾಲದಲ್ಲಿ ಅವನನ್ನೂ ಒಂದು ಕೆಲಸ ಕೇಳಿ ನೋಡಬಹುದು. ಟ್ರಾವೆಲ್ಸ್ ಇಟ್ಟುಕೊಂಡವನಲ್ಲವೇ? ‘ಅಮ್ಮನ್ನ ನಂಜನಗೂಡಿಗೆ ಕರ್ಕೊಂಡು ಹೋಗ್ಬೇಕು, ಶನಿವಾರ ಕಾರು ಕಳಿಸ್ತೀಯಾ, ಬಾಡಿಗೆ ಎಷ್ಟಾಗುತ್ತೆ ಹೇಳು’ ಎಂದು, ದುಡ್ಡು ಕೊಟ್ಟೇ. ಓಡೋಡಿ ಬಂದು ತಾನೇ ಗಾಡಿ ಓಡಿಸಿದರೆ ಮುಯ್ಯಿ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಳ್ಳಬೇಕು. ದೂರವಾಗುವ ಯೋಚನೆಯನ್ನೂ ಅಷ್ಟರಮಟ್ಟಿಗೆ ಸಡಿಲಿಸಬಹುದು. ‘ಗಾಡಿ ಎಲ್ಲಾ ಬುಕ್ಕಾಗಿದೆ ಅಕ್ಕಾ’ ಎಂದು ಒಂದು ಸಲ ಹೇಳಿದರೆ ನಿಜವಿರಬಹುದು, ವ್ಯಾಪಾರವಲ್ಲವೇ. ಬೇರೆ ಬೇರೆ ತಿಂಗಳಲ್ಲಿ ಕೇಳಿದಾಗಲೂ ಅದೇ ಉತ್ತರ ಬಂದರೆ ಇನ್ನು ಸಂಶಯಪಡುವುದು ಏನೂ ಉಳಿಯುವುದಿಲ್ಲ.

ಎಲ್ಲರ ಜೊತೆಯೂ ಇದು ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಕೇಳುವವನು ನಮ್ಮ ಮನೆಯ ಮಾಲೀಕನಾದರೆ, ಮೇಲಧಿಕಾರಿಯ ತಮ್ಮನಾದರೆ, ಮಗಳನ್ನು ಕೊಟ್ಟ ಮನೆಯವನಾದರೆ, ದಾರಿ ತೋರಿಸಿ ಕೈತೊಳೆದುಕೊಳ್ಳುವ ಸ್ವಾತಂತ್ರ್ಯ ನಮಗಿರುವುದಿಲ್ಲ. ಅಂಥಲ್ಲಿ ದೂರವಾಗುವ ಹಂಬಲ ಬಿಟ್ಟು ಅಳತೆ ಗೊತ್ತುಮಾಡಿಕೊಳ್ಳುವುದೇ ಮೇಲು. ಯಾವ ಬಗೆಯ ಕೆಲಸಕ್ಕೆ ಒಪ್ಪುವುದು ಎಂದು ಮನೆಯಲ್ಲಿ ಕೂತು ಮೊದಲೇ ತೀರ್ಮಾನಿಸಿ, ಅಷ್ಟನ್ನು ಗೊಣಗದೆ ಮಾಡಿಕೊಡುವುದು. ಸಹಿ, ಸಾಲ, ಇನ್ನೊಬ್ಬರ ಖಾತೆ ಇವು ಮಾತ್ರ ಬೀಗರಿಗೂ ಆ ಅಳತೆಯ ಹೊರಗೇ ಇರಲಿ.

ಆರೇಳು ತಿಂಗಳು ಕಳೆದ ಮೇಲೆ ತಮ್ಮ ಒಂದು ದಿನ ನೇರವಾಗಿ ಕೇಳಬಹುದು: ‘ಅಕ್ಕಾ, ನನ್ನ ಮೇಲೇನಾದ್ರೂ ಬೇಜಾರಾ?’ ಈ ಪ್ರಶ್ನೆಗೆ ನಮ್ಮ ಬಾಯಿಗೆ ತಟ್ಟನೆ ಬರುವ ಉತ್ತರ ‘ಛೇ, ಏನಿಲ್ಲಪ್ಪ’. ಹಾಗೆಂದರೆ ಅವನು ಸಮಾಧಾನದಿಂದ ಮರುದಿನವೇ ಹೊಸ ಕೆಲಸ ಹೇಳುತ್ತಾನೆ, ಅಷ್ಟು ದಿನದ ಪ್ರಯತ್ನ ನೀರುಪಾಲು. ಹಳೆಯ ಪಟ್ಟಿ ಬಿಚ್ಚಿ, ಆವತ್ತು ಹೀಗೆ ಮಾಡಿದೆ, ಮಗನಿಗೆ ಡೆಂಗಿಯಾದಾಗ ಬರಲಿಲ್ಲ ಎಂದು ಒಂದೊಂದಾಗಿ ಓದುವುದೂ ಬೇಡ. ಅದಕ್ಕೆ ಅವನ ಬಳಿ ಒಂದೊಂದಕ್ಕೂ ಸಮಜಾಯಿಷಿ ಇರುತ್ತದೆ. ನಿಜವನ್ನು ಒಂದೇ ಒಂದು ತುಂಡು ಮುರಿದು ಕೊಡಬಹುದು: ‘ಬೇಜಾರೇನಿಲ್ಲ ಕಣೋ. ಆದ್ರೆ ಬ್ಯಾಂಕಿನ ಕೆಲಸ ಅಂತ ಬಂದ್ರೆ ನನಗೆ ಕಷ್ಟ ಆಗ್ತಿತ್ತು, ಅದನ್ನ ನಿಲ್ಸಿದೀನಿ. ಅದು ಬಿಟ್ಟು ಯಾವಾಗ ಬೇಕಾದ್ರೂ ಫೋನ್ ಮಾಡು.’ ಅವನು ಸುಮ್ಮನಾದರೆ ಆ ಮೌನವನ್ನು ತುಂಬಲು ಹೋಗದೆ, ಮಗಳು ಈಗ ಯಾವ ಕ್ಲಾಸು ಎಂದು ಕೇಳಿ, ಅವನು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡು ಫೋನ್ ಇಡಬೇಕು.